ಸ್ಕ್ರೀನ್ ಶೇರ್ ಮಾಡುವಾಗ ಓಟಿಪಿ ಎಲ್ಲಿಂದ ಸೋರುತ್ತದೆ?

ಚಿಕ್ಕಮ್ಮನ ಫೋನ್‌ನಲ್ಲಿ ಜಾಗ ತುಂಬಿಹೋಗಿತ್ತು. ಫೋಟೋ ತೆಗೆಯಲು ಹೋದರೆ ಆಗುತ್ತಿರಲಿಲ್ಲ. ಅವರ ಹಳೆಯ ಗೆಳತಿಯೊಬ್ಬರಿಗೆ ಇಂಥ ವಿಷಯಗಳು ಚೆನ್ನಾಗಿ ಗೊತ್ತು. 'ನಿನ್ನ ಸ್ಕ್ರೀನ್ ಶೇರ್ ಮಾಡು, ಎಲ್ಲಿ ಏನು ತುಂಬಿದೆ ಅಂತ ನೋಡಿ ಹೇಳ್ತೀನಿ' ಅಂದರಂತೆ. ಚಿಕ್ಕಮ್ಮ ನನಗೆ ಫೋನ್ ಮಾಡಿ ಕೇಳಿದ್ದು ಒಂದೇ ಪ್ರಶ್ನೆ: 'ಅವಳು ನೋಡಲಿ ಬಿಡು, ಅವಳ ಮೇಲೆ ನಂಬಿಕೆ ಇದೆ. ಆದ್ರೆ ನನ್ನ ಬ್ಯಾಂಕ್ ಆ್ಯಪ್ ಅದರಲ್ಲೇ ಇದೆಯಲ್ಲ, ಅದೂ ಕಾಣುತ್ತಾ?'

ಈ ಪ್ರಶ್ನೆ ಬಹಳ ಜನ ಕೇಳುತ್ತಾರೆ. ಆದರೆ ಭಯ ಇರುವ ಜಾಗ ಬೇರೆ, ಅಪಾಯ ಇರುವ ಜಾಗ ಬೇರೆ. ಬ್ಯಾಂಕ್ ಆ್ಯಪ್ ಸಾಮಾನ್ಯವಾಗಿ ತನ್ನನ್ನು ತಾನೇ ಮುಚ್ಚಿಕೊಳ್ಳುತ್ತದೆ. ಸೋರುವುದು ಮೆಸೇಜ್‌ನಿಂದ. ಪರದೆಯ ಮೇಲ್ಭಾಗದಲ್ಲಿ ನಾಲ್ಕೈದು ಸೆಕೆಂಡ್ ಇಣುಕಿ ಹೋಗುವ ಆ ಚಿಕ್ಕ ನೋಟಿಫಿಕೇಶನ್ ಇದೆಯಲ್ಲ, ಓಟಿಪಿ ಬೇರೆಯವರಿಗೆ ಕಾಣುವುದು ಹೆಚ್ಚಾಗಿ ಅಲ್ಲೇ.

ಬ್ಯಾಂಕ್ ಆ್ಯಪ್ ಕಪ್ಪಾಗುತ್ತದೆ, ಮೆಸೇಜ್ ಕಪ್ಪಾಗುವುದಿಲ್ಲ

ಆಂಡ್ರಾಯ್ಡ್‌ನಲ್ಲಿ ಆ್ಯಪ್ ಮಾಡುವವರು ತಮ್ಮ ಪುಟಕ್ಕೆ `FLAG_SECURE` ಎಂಬ ಒಂದು ಗುರುತು ಹಾಕಬಹುದು. ಈ ಗುರುತು ಇರುವ ಪುಟದ ಸ್ಕ್ರೀನ್‌ಶಾಟ್ ತೆಗೆಯಲು ಫೋನ್ ಬಿಡುವುದಿಲ್ಲ. ಸ್ಕ್ರೀನ್ ಶೇರ್ ಮಾಡುವಾಗ ಆ ಪುಟದ ಜಾಗದಲ್ಲಿ ಎದುರಿನವರಿಗೆ ಬರೀ ಕಪ್ಪು ಕಾಣುತ್ತದೆ. ಬಹುತೇಕ ಬ್ಯಾಂಕ್ ಆ್ಯಪ್‌ಗಳು ಇದನ್ನು ಬಳಸುತ್ತವೆ. ಬ್ಯಾಂಕ್ ಆ್ಯಪ್‌ನ ಸ್ಕ್ರೀನ್‌ಶಾಟ್ ತೆಗೆಯಲು ಹೋಗಿ 'ಅನುಮತಿ ಇಲ್ಲ' ಅನ್ನಿಸಿಕೊಂಡವರಿಗೆ ಇದು ಗೊತ್ತಿರುತ್ತದೆ.

ಇಲ್ಲಿ ಗಮನಿಸಬೇಕಾದ ಒಂದು ಸಂಗತಿ ಇದೆ. ನಿಮ್ಮ ಕೈಯಲ್ಲಿರುವ ಫೋನ್‌ನಲ್ಲಿ ಆ ಪುಟ ಎಂದಿನಂತೆಯೇ ಇರುತ್ತದೆ. ಕಪ್ಪಾಗುವುದು ಅತ್ತ ಕಡೆ ಮಾತ್ರ. ಹಾಗಾಗಿ ನಿಮ್ಮ ಪರದೆ ನೋಡಿಕೊಂಡು, ಎದುರಿನವರಿಗೆ ಏನು ಕಾಣುತ್ತಿದೆ ಅಂತ ಹೇಳಲು ಬರುವುದಿಲ್ಲ. ಇದು ನೋಟಿಫಿಕೇಶನ್‌ಗಳಿಗೂ ಅನ್ವಯಿಸುತ್ತದೆ.

ಮೆಸೇಜ್ ಆ್ಯಪ್‌ಗೆ ಸಾಮಾನ್ಯವಾಗಿ ಈ ಗುರುತು ಇರುವುದಿಲ್ಲ. ಬ್ಯಾಂಕಿನ ಓಟಿಪಿ ಅಲ್ಲಿಗೆ ಬಂದು ಬೀಳುತ್ತದೆ, ನೋಟಿಫಿಕೇಶನ್ ಮೇಲೆ ಇಣುಕುತ್ತದೆ, ಆರು ಅಂಕಿಯೂ ಸ್ಪಷ್ಟವಾಗಿ ಓದಬಹುದು. ಇನ್ನೊಂದು ಜಾಗವನ್ನು ಜನ ಮರೆತೇಬಿಡುತ್ತಾರೆ: ಕೀಬೋರ್ಡ್. ಓಟಿಪಿ ಬಂದ ಕೂಡಲೇ ಕೀಬೋರ್ಡ್‌ನ ಮೇಲಿನ ಪಟ್ಟಿಯಲ್ಲಿ ಆ ಸಂಖ್ಯೆಯನ್ನು ತಾನಾಗಿಯೇ ತೋರಿಸುವ ಸೌಲಭ್ಯ ಐಫೋನ್‌ನಲ್ಲೂ ಇದೆ, ಹಲವು ಆಂಡ್ರಾಯ್ಡ್ ಫೋನ್‌ಗಳಲ್ಲೂ ಇದೆ. ನಮಗೆ ಟೈಪ್ ಮಾಡುವ ಕಷ್ಟ ತಪ್ಪಿಸಲು ಕೊಟ್ಟದ್ದು ಅದು. ಶೇರ್ ಮಾಡುವ ಹೊತ್ತಿನಲ್ಲಿ ಅದೇ ಓಟಿಪಿಯನ್ನು ಮೆರವಣಿಗೆ ಮಾಡುತ್ತದೆ.

ಬ್ರೌಸರ್‌ನಲ್ಲಿ ತೆರೆದ ಬ್ಯಾಂಕಿನ ವೆಬ್‌ಸೈಟ್ ಕೂಡ ಕಪ್ಪಾಗುತ್ತದೆ ಅಂತ ನಂಬಬೇಡಿ. ಆ್ಯಪ್‌ಗೆ ಇರುವ ರಕ್ಷಣೆ ಅದೇ ಬ್ಯಾಂಕಿನ ವೆಬ್ ಪುಟಕ್ಕೆ ಇರಲೇಬೇಕು ಅಂತೇನಿಲ್ಲ.

ಹೊಸ ಫೋನ್‌ಗಳಲ್ಲಿ ಪರಿಸ್ಥಿತಿ ಸುಧಾರಿಸಿದೆ. 2024ರಲ್ಲಿ ಬಂದ ಆಂಡ್ರಾಯ್ಡ್ 15ರಿಂದ, ಸ್ಕ್ರೀನ್ ಶೇರ್ ನಡೆಯುತ್ತಿರುವಾಗ ನೋಟಿಫಿಕೇಶನ್ ಒಳಗಿನ ಖಾಸಗಿ ವಿವರವನ್ನೂ ಓಟಿಪಿಯನ್ನೂ ಎದುರಿನವರಿಗೆ ಕಾಣದಂತೆ ಫೋನೇ ಮುಚ್ಚುತ್ತದೆ. ಒಳ್ಳೆಯದೇ. ಆದರೆ ಬಂದದ್ದು ಓಟಿಪಿ ಹೌದೋ ಅಲ್ಲವೋ ಅಂತ ಫೋನ್ ಗುರುತು ಹಿಡಿಯಬೇಕು. ಎಲ್ಲ ಬ್ಯಾಂಕುಗಳೂ ಒಂದೇ ಧಾಟಿಯಲ್ಲಿ ಮೆಸೇಜ್ ಬರೆಯುವುದಿಲ್ಲ. ಚಿಕ್ಕಮ್ಮನ ಫೋನ್‌ನಂತೆ ಹಳೆಯ ಆವೃತ್ತಿಯಲ್ಲೇ ನಿಂತ ಫೋನ್‌ಗಳೂ ಬೇಕಾದಷ್ಟಿವೆ. ಇದ್ದರೆ ಇರಲಿ, ಅದನ್ನೇ ನೆಚ್ಚಿಕೊಳ್ಳುವುದು ಬೇಡ.

ಮುಚ್ಚುವುದಕ್ಕಿಂತ, ಬಾರದಂತೆ ಮಾಡುವುದು ಸುಲಭ

ಹೆಚ್ಚಿನವರಿಗೆ ಮೊದಲು ಹೊಳೆಯುವುದು 'ಡು ನಾಟ್ ಡಿಸ್ಟರ್ಬ್'. ಅದು ಮುಖ್ಯವಾಗಿ ಸದ್ದು ನಿಲ್ಲಿಸಲು ಇರುವ ವ್ಯವಸ್ಥೆ. ಮೆಸೇಜ್ ಬರುವುದನ್ನು ಅದು ತಡೆಯುವುದಿಲ್ಲ. ಬೆರಳು ಮೇಲಿನಿಂದ ಕೆಳಗೆ ಎಳೆದರೆ ಪಟ್ಟಿಯಲ್ಲಿ ಎಲ್ಲವೂ ಕೂತಿರುತ್ತದೆ. ವೈಫೈ ಆನ್ ಮಾಡು ಅಂತ ಗೆಳತಿ ಹೇಳಿದಾಗ ನಾವು ಎಳೆಯುವುದು ಅದೇ ಪಟ್ಟಿಯನ್ನು ತಾನೆ?

ಇನ್ನು ಕೆಲವರು ಲಾಕ್ ಸ್ಕ್ರೀನ್‌ನಲ್ಲಿ ಮೆಸೇಜ್ ವಿವರ ಕಾಣದಂತೆ ಸೆಟ್ ಮಾಡಿ, ಕೆಲಸ ಆಯಿತು ಅಂದುಕೊಳ್ಳುತ್ತಾರೆ. ಅದು ಫೋನ್ ಲಾಕ್ ಆಗಿರುವಾಗಿನ ಮಾತು. ಶೇರ್ ಮಾಡುವಾಗ ಫೋನ್ ತೆರೆದೇ ಇರುತ್ತದೆ. ಆಗ ಆ ಸೆಟ್ಟಿಂಗ್‌ನಿಂದ ಏನೂ ಪ್ರಯೋಜನ ಇಲ್ಲ.

ನಾನು ಚಿಕ್ಕಮ್ಮನಿಗೆ ಹೇಳಿದ್ದು ಬೇರೆ ದಾರಿ. ಆ ಹತ್ತು ಹದಿನೈದು ನಿಮಿಷ ಎಸ್ಎಂಎಸ್ ಫೋನಿಗೆ ಬರುವುದೇ ಬೇಡ. ಮೊದಲು ಏರೋಪ್ಲೇನ್ ಮೋಡ್ ಹಾಕಿ. ಸಿಮ್‌ನ ನೆಟ್‌ವರ್ಕ್ ಹೋಗುತ್ತದೆ. ಆಮೇಲೆ ವೈಫೈ ಮಾತ್ರ ಮತ್ತೆ ಆನ್ ಮಾಡಿ. ವಾಟ್ಸಾಪ್ ವಿಡಿಯೋ ಕಾಲ್‌ಗೆ ಇಂಟರ್ನೆಟ್ ಇದ್ದರೆ ಸಾಕು, ಸಿಮ್ ಬೇಕಿಲ್ಲ. ಬ್ಯಾಂಕ್ ಎಸ್ಎಂಎಸ್ ಕಳಿಸಿದರೂ ಅದು ಮೊಬೈಲ್ ಕಂಪನಿಯ ಬಳಿ ಕಾಯುತ್ತಾ ಇರುತ್ತದೆ. ಏರೋಪ್ಲೇನ್ ಮೋಡ್ ತೆಗೆದ ಮೇಲೆ ಬಂದು ತಲುಪುತ್ತದೆ.

ಇದರಲ್ಲಿ ಒಂದು ಕೊಕ್ಕೆ ಇದೆ. ವೈಫೈ ಕಾಲಿಂಗ್ ಆನ್ ಇದ್ದರೆ, ಏರೋಪ್ಲೇನ್ ಮೋಡ್‌ನಲ್ಲೂ ವೈಫೈ ಮೂಲಕ ಎಸ್ಎಂಎಸ್ ಒಳಗೆ ಬರಬಹುದು. ಆದ್ದರಿಂದ ಮೊದಲು ಸಿಮ್ ಸೆಟ್ಟಿಂಗ್‌ನಲ್ಲಿ Wi-Fi calling ಆಫ್ ಮಾಡಬೇಕು. ಆಫ್ ಆಗಿದೆಯೋ ಇಲ್ಲವೋ ಅಂತ ನೋಡಲು ಸುಲಭದ ದಾರಿ: ಏರೋಪ್ಲೇನ್ ಮೋಡ್ ಮತ್ತು ವೈಫೈ ಎರಡೂ ಆನ್ ಇರುವಾಗ ಮನೆಯ ಇನ್ನೊಂದು ಫೋನ್‌ನಿಂದ ಒಂದು ಸಾದಾ ಎಸ್ಎಂಎಸ್ ಕಳಿಸಿ. ಬರಲಿಲ್ಲ ಅಂದರೆ ಸರಿ. ಬಂತು ಅಂದರೆ ಎಲ್ಲೋ ಬಾಗಿಲು ತೆರೆದಿದೆ.

ಮನೆಯಲ್ಲಿ ವೈಫೈ ಇಲ್ಲದಿದ್ದರೆ ಇನ್ನೊಬ್ಬರ ಫೋನಿನ ಹಾಟ್‌ಸ್ಪಾಟ್ ಸಾಕು. ಅದೂ ಇಲ್ಲ, ಇದೇ ಸಿಮ್‌ನ ಡೇಟಾ ಬಳಸಲೇಬೇಕು ಅಂದರೆ ಎರಡನೇ ದಾರಿ ಹಿಡಿಯಿರಿ. ಮೆಸೇಜ್ ಆ್ಯಪ್‌ನ ಐಕಾನ್ ಒತ್ತಿ ಹಿಡಿದು, App info ಒಳಗೆ ಹೋಗಿ, Notifications ಪೂರ್ತಿ ಆಫ್ ಮಾಡಿ. ಆಗ ಮೆಸೇಜ್ ಬರುತ್ತದೆ, ಆದರೆ ಇಣುಕುವುದಿಲ್ಲ. ಮೆಸೇಜ್ ಆ್ಯಪ್ ತೆರೆಯದಿದ್ದರೆ ಸಾಮಾನ್ಯವಾಗಿ ಯಾರಿಗೂ ಕಾಣದು. ಕೀಬೋರ್ಡ್ ಪಟ್ಟಿಯ ಮಾತು ಮಾತ್ರ ಇಲ್ಲಿಯೂ ನೆನಪಿರಲಿ, ಆದಷ್ಟು ಏನೂ ಟೈಪ್ ಮಾಡದೆ ಕೆಲಸ ಮುಗಿಸಿ. ಕೆಲಸ ಮುಗಿದ ಮೇಲೆ ನೋಟಿಫಿಕೇಶನ್ ಮತ್ತೆ ಆನ್ ಮಾಡುವುದನ್ನು ಮರೆಯಬಾರದು. ಮರೆತರೆ ನಾಳೆ ಬ್ಯಾಂಕಿನಿಂದ ನಿಜವಾದ ಎಚ್ಚರಿಕೆ ಬಂದರೂ ಗೊತ್ತಾಗುವುದಿಲ್ಲ.

ಏರೋಪ್ಲೇನ್ ಮೋಡ್ ತಡೆಯುವುದು ಎಸ್ಎಂಎಸ್ ಮಾತ್ರ ಅನ್ನುವುದು ತಿಳಿದಿರಲಿ. ಇಮೇಲ್‌ಗೆ ಬರುವ ಓಟಿಪಿ, ಬ್ಯಾಂಕ್ ಆ್ಯಪ್ ತಾನೇ ಕಳಿಸುವ ನೋಟಿಫಿಕೇಶನ್, ವಾಟ್ಸಾಪ್‌ಗೆ ಬರುವ ಓಟಿಪಿ ಇವೆಲ್ಲ ಇಂಟರ್ನೆಟ್ ಮೂಲಕ ಬರುತ್ತವೆ. ನಿಮ್ಮ ಬ್ಯಾಂಕ್ ಓಟಿಪಿಯನ್ನು ಇಮೇಲ್‌ಗೂ ಕಳಿಸುತ್ತಿದ್ದರೆ ಇಮೇಲ್ ಆ್ಯಪ್‌ನ ನೋಟಿಫಿಕೇಶನ್ ಕೂಡ ಆಫ್ ಮಾಡಿ. ಮತ್ತೆ, ಸಿಮ್ ಆಫ್ ಇರುವಾಗ ಸುಮ್ನೆ ನೋಡೋಣ ಅಂತ ಬ್ಯಾಂಕ್ ಆ್ಯಪ್ ತೆರೆಯಲು ಹೋಗಬೇಡಿ. ಕೆಲವು ಆ್ಯಪ್‌ಗಳು ಸಿಮ್ ಹುಡುಕುತ್ತವೆ. ಸಿಗದಿದ್ದರೆ ಮೊದಲಿಂದ ನೋಂದಣಿ ಮಾಡಿ ಅಂತ ಹಟ ಹಿಡಿಯುತ್ತವೆ. ಇಲ್ಲದ ತಲೆನೋವು ಯಾಕೆ?

ಇಡೀ ಪರದೆ ಬೇಡ, ಒಂದೇ ಆ್ಯಪ್ ಸಾಕು

ಇಷ್ಟು ಸಿದ್ಧತೆ ಆದ ಮೇಲೆ ಶೇರ್ ಮಾಡುವ ಮಾತು. ವಾಟ್ಸಾಪ್‌ನ ವಿಡಿಯೋ ಕಾಲ್‌ನಲ್ಲಿ 2023ರಿಂದ ಸ್ಕ್ರೀನ್ ಶೇರ್ ಇದೆ. ಗೂಗಲ್ ಮೀಟ್‌ನಲ್ಲೂ ಇದೆ. ಹೊಸ ಆ್ಯಪ್ ಹಾಕಿಕೊಳ್ಳುವ ಅಗತ್ಯ ಇಲ್ಲವೇ ಇಲ್ಲ. ಕಾಲ್ ಹೋಗುತ್ತಿರುವಾಗ ಬಾಣದ ಗುರುತಿರುವ ಫೋನ್ ಚಿತ್ರವನ್ನೋ, ಮೆನು ಒಳಗಿನ Share screen ಅನ್ನೋ ಒತ್ತಿದರೆ ಫೋನ್ ಒಂದು ಎಚ್ಚರಿಕೆ ಪೆಟ್ಟಿಗೆ ತೋರಿಸುತ್ತದೆ. ಪಾಸ್‌ವರ್ಡ್, ಹಣದ ವಿವರ, ಮೆಸೇಜ್, ಫೋಟೋ ಎಲ್ಲ ಆ ಆ್ಯಪ್‌ಗೆ ಕಾಣಬಹುದು ಅನ್ನುವ ಅರ್ಥದ ಮಾತು ಅದರಲ್ಲಿರುತ್ತದೆ. ನಾವು ಅದನ್ನು ಓದದೇ ಮುಂದಕ್ಕೆ ಒತ್ತಿಬಿಡುತ್ತೇವೆ, ಅಲ್ವಾ? ಇದೊಂದು ಪೆಟ್ಟಿಗೆ ಮಾತ್ರ ಓದಬೇಕಾದದ್ದು.

ಯಾಕೆಂದರೆ ಆಂಡ್ರಾಯ್ಡ್ 14ರ ಮೇಲಿನ ಹಲವು ಫೋನ್‌ಗಳಲ್ಲಿ ಅಲ್ಲೊಂದು ಆಯ್ಕೆ ಇರುತ್ತದೆ. ಒಂದು ಇಡೀ ಪರದೆ, ಅಂದರೆ Entire screen. ಇನ್ನೊಂದು ಒಂದೇ ಆ್ಯಪ್, ಅಂದರೆ A single app ಅಥವಾ Share one app. ಫೋನಿಂದ ಫೋನಿಗೆ ಪದ ಸ್ವಲ್ಪ ಬದಲಾಗುತ್ತದೆ. ಒಂದೇ ಆ್ಯಪ್ ಆರಿಸಿದರೆ ಎದುರಿನವರಿಗೆ ಆ ಆ್ಯಪ್ ಮಾತ್ರ ಕಾಣುತ್ತದೆ. ಮೇಲಿನ ಪಟ್ಟಿ, ನೋಟಿಫಿಕೇಶನ್, ಬೇರೆ ಆ್ಯಪ್ ಯಾವುದೂ ಹೋಗುವುದಿಲ್ಲ. ನೀವು ಬೇರೆ ಆ್ಯಪ್‌ಗೆ ಹೋದರೆ ಅವರಿಗೆ ಅದು ಕಾಣುವುದಿಲ್ಲ. ನನ್ನ ಪ್ರಕಾರ ಸ್ಕ್ರೀನ್ ಶೇರ್ ವಿಷಯದಲ್ಲಿ ಆಂಡ್ರಾಯ್ಡ್‌ಗೆ ಬಂದ ಅತಿ ಉಪಯುಕ್ತ ಬದಲಾವಣೆ ಇದೇ. ದುರದೃಷ್ಟ ಅಂದರೆ, ಆ ಪೆಟ್ಟಿಗೆಯನ್ನು ಓದದವರಿಗೆ ಇದು ಇದೆ ಅಂತಲೇ ಗೊತ್ತಿಲ್ಲ. ಈ ಆಯ್ಕೆಯನ್ನು ಕೊಡದ ಆ್ಯಪ್‌ಗಳೂ ಇರಬಹುದು. ಆಗ ಇಡೀ ಪರದೆಯೇ ಗತಿ, ಏರೋಪ್ಲೇನ್ ಮೋಡ್ ಆ ಹೊತ್ತಿಗೆ ಕೆಲಸಕ್ಕೆ ಬರುತ್ತದೆ.

ಐಫೋನ್‌ನಲ್ಲಿ ಶೇರ್ ಮಾಡಿದರೆ ಇಡೀ ಪರದೆಯೇ ಹೋಗುತ್ತದೆ. ಆದರೆ ಅಲ್ಲಿ ನೋಟಿಫಿಕೇಶನ್‌ಗೆ ಪ್ರತ್ಯೇಕ ಬೀಗ ಇದೆ. Settings ಒಳಗೆ Notifications, ಅದರೊಳಗೆ Screen Sharing ಅಂತ ಇದೆ. ಅಲ್ಲಿ Allow Notifications ಆಫ್ ಇರಬೇಕು. ಸಾಮಾನ್ಯವಾಗಿ ಆಫ್ ಆಗಿಯೇ ಇರುತ್ತದೆ, ಆದರೂ ಒಮ್ಮೆ ನೋಡಿಬಿಡಿ. ಎರಡೂ ಕಡೆ ಐಓಎಸ್ 18 ಅಥವಾ ಅದಕ್ಕಿಂತ ಹೊಸದು ಇದ್ದರೆ, ಫೇಸ್‌ಟೈಮ್‌ನಲ್ಲಿ ನೋಡುತ್ತಿರುವವರು ನಿಮ್ಮ ಪರದೆಯನ್ನು ತಾವೇ ನಡೆಸಲು ಅನುಮತಿ ಕೇಳಬಹುದು. ಬೇಡ ಅನ್ನಿ. ನೋಡಿ ಹೇಳಿದರೆ ಸಾಕು, ಒತ್ತುವ ಬೆರಳು ನಿಮ್ಮದೇ ಇರಲಿ.

ಚಿಕ್ಕಮ್ಮನ ಫೋನ್‌ನಲ್ಲಿ ಹೀಗೆ ಮಾಡಿದೆವು

ಚಿಕ್ಕಮ್ಮನ ಫೋನ್‌ನಲ್ಲಿ ಆಂಡ್ರಾಯ್ಡ್ 14 ಇತ್ತು. ಒಂದೇ ಆ್ಯಪ್ ಶೇರ್ ಮಾಡುವ ಆಯ್ಕೆ ಅದರಲ್ಲಿ ಸಿಕ್ಕಿತು. ಮೊದಲು ಅವರೂ ನಾನೂ ಒಂದು ಪರೀಕ್ಷೆ ಮಾಡಿದೆವು. ಅವರು ನನಗೆ ವಿಡಿಯೋ ಕಾಲ್ ಮಾಡಿ ಇಡೀ ಪರದೆ ಶೇರ್ ಮಾಡಿದರು. ಏರೋಪ್ಲೇನ್ ಮೋಡ್ ಹಾಕಿರಲಿಲ್ಲ, ಬೇಕೆಂದೇ. ನಾನು ಇನ್ನೊಂದು ಫೋನ್‌ನಿಂದ 'ನಿಮ್ಮ ಓಟಿಪಿ 482913' ಅಂತ ಒಂದು ಸುಳ್ಳು ಎಸ್ಎಂಎಸ್ ಕಳಿಸಿದೆ. ಅದು ಅವರ ಪರದೆಯ ಮೇಲೆ ಇಣುಕಿತು. ಅದೇ ಕ್ಷಣ ನನ್ನ ಪರದೆಯಲ್ಲೂ ಇಣುಕಿತು. ನಾನು ಅಂಕಿಗಳನ್ನು ಓದಿ ಹೇಳಿದೆ.

'ಅಯ್ಯೋ, ನಿನಗೂ ಕಾಣ್ತಾ?' ಅಂದರು ಚಿಕ್ಕಮ್ಮ.

ನಾನು ಅರ್ಧ ಗಂಟೆ ವಿವರಿಸಿದ್ದರೂ ಅಷ್ಟು ಚೆನ್ನಾಗಿ ಅರ್ಥ ಆಗುತ್ತಿರಲಿಲ್ಲ. ಮನೆಯವರಿಗೆ ಹೇಳಿಕೊಡುವಾಗ ಈ ಪರೀಕ್ಷೆ ಮಾಡಿ ತೋರಿಸಿ. ಹೊಸ ಆಂಡ್ರಾಯ್ಡ್ ಇದ್ದರೆ ಅತ್ತ ಕಡೆ ಅಂಕಿ ಮುಚ್ಚಿರುವುದೂ ಆಗಲೇ ಗೊತ್ತಾಗುತ್ತದೆ.

ಆಮೇಲೆ ನಿಜವಾದ ಕೆಲಸ. ವೈಫೈ ಕಾಲಿಂಗ್ ಆಫ್, ಏರೋಪ್ಲೇನ್ ಮೋಡ್ ಆನ್, ವೈಫೈ ಆನ್. ಶೇರ್ ಮಾಡುವ ಮೊದಲೇ ಚಿಕ್ಕಮ್ಮ Settings ತೆರೆದು, Storage ಪುಟಕ್ಕೆ ಹೋಗಿ ಬಂದರು. ಇತ್ತೀಚೆಗೆ ತೆರೆದ ಆ್ಯಪ್‌ಗಳು ಆಯ್ಕೆಯ ಪಟ್ಟಿಯಲ್ಲಿ ಮುಂದೆ ಕಾಣುತ್ತವೆ, ಹುಡುಕುವ ಗೋಜಿಲ್ಲ. ಗೆಳತಿಗೆ ಚಿಕ್ಕಮ್ಮನೇ ಕಾಲ್ ಮಾಡಿದರು, ಮೊದಲಿಂದಲೂ ಸೇವ್ ಆಗಿದ್ದ ನಂಬರಿಗೆ. ಮುಖ ನೋಡಿ ಎರಡು ಮಾತಾಡಿದ ಮೇಲೆ ಶೇರ್ ಒತ್ತಿದರು.

ಕಾಲ್ ಯಾರು ಮಾಡುತ್ತಾರೆ ಅನ್ನುವುದು ಸಣ್ಣ ವಿಷಯ ಅಲ್ಲ. ಗೆಳತಿಯ ವಾಟ್ಸಾಪ್ ಖಾತೆಯನ್ನೇ ಯಾರೋ ಕದ್ದಿದ್ದರೆ 'ಸ್ಕ್ರೀನ್ ಶೇರ್ ಮಾಡು' ಅನ್ನುವ ಮೆಸೇಜ್ ಅವಳ ಹೆಸರು, ಅವಳ ಫೋಟೋ ಹೊತ್ತುಕೊಂಡೇ ಬರುತ್ತದೆ. ಮೆಸೇಜ್ ನೋಡಿ ಹೊರಡಬೇಡಿ. ನೀವೇ ಕಾಲ್ ಮಾಡಿ, ಮುಖ ನೋಡಿ.

Storage ಪುಟದಲ್ಲಿ ಗೆಳತಿಗೆ ಕಂಡದ್ದು: ವಿಡಿಯೋಗಳೇ ಅರ್ಧ ಜಾಗ ನುಂಗಿವೆ. ಅಳಿಸಿದ್ದ ಫೋಟೋಗಳು ಇನ್ನೂ ಕಸದ ಬುಟ್ಟಿಯಲ್ಲೇ ಬಿದ್ದಿವೆ. ಗೂಗಲ್ ಫೋಟೋಸ್‌ನಲ್ಲಿ ಅಳಿಸಿದ ಫೋಟೋ, ಬ್ಯಾಕಪ್ ಆಗಿದ್ದರೆ 60 ದಿನ, ಆಗಿರದಿದ್ದರೆ 30 ದಿನ ಬುಟ್ಟಿಯಲ್ಲಿರುತ್ತದೆ. ಅಲ್ಲಿಂದಲೂ ತೆಗೆದರೆ ಮಾತ್ರ ಪೂರ್ತಿ ಹೋದ ಹಾಗೆ. ಇದನ್ನು ಹೇಳಿ, 'ಈಗ ಫೋಟೋಸ್‌ಗೆ ಹೋಗು' ಅಂದರು. ಚಿಕ್ಕಮ್ಮ ಹೋದರು. ಕೂಡಲೇ ಅತ್ತಲಿಂದ ದನಿ: 'ಏನೂ ಕಾಣ್ತಿಲ್ಲ ಕಣೇ.'

ಕಾಣಬಾರದು ಅಂತಲೇ ಹಾಗೆ ಸೆಟ್ ಮಾಡಿದ್ದು. ಶೇರ್ ಆಗಿದ್ದು Settings ಮಾತ್ರ. ಇಲ್ಲಿ ಬಹಳ ಜನ ಕಿರಿಕಿರಿಯಾಗಿ, 'ಇಡೀ ಪರದೆಯನ್ನೇ ಹಾಕಿಬಿಡೋಣ' ಅನ್ನುತ್ತಾರೆ. ಹಾಗೆ ಮಾಡಬೇಕಿಲ್ಲ. ಶೇರ್ ನಿಲ್ಲಿಸಿ, ಮತ್ತೆ ಒತ್ತಿ, ಈ ಸಲ ಫೋಟೋಸ್ ಆರಿಸಿದರೆ ಆಯಿತು. ಚಿಕ್ಕಮ್ಮ ಹಾಗೇ ಮಾಡಿದರು. ವಾಟ್ಸಾಪ್ ಒಳಗಿನ ವಿಡಿಯೋಗಳನ್ನು ಅಳಿಸುವಾಗ ಮಾತ್ರ ಶೇರ್ ಮಾಡಲೇ ಇಲ್ಲ. ಅಲ್ಲಿ ಎಲ್ಲರ ಮಾತುಕತೆ ಇರುತ್ತದೆ. ಗೆಳತಿ ಬಾಯಲ್ಲೇ ದಾರಿ ಹೇಳಿದರು: Settings, Storage and data, Manage storage. ಚಿಕ್ಕಮ್ಮ ಪರದೆ ಓದಿ ಹೇಳುತ್ತಾ ಹೋದರು. ಸ್ವಲ್ಪ ನಿಧಾನ ಆಯಿತು, ಅಷ್ಟೇ.

ನಡುವೆ ಗೂಗಲ್ ಖಾತೆಯ ಪಾಸ್‌ವರ್ಡ್ ಕೇಳುವ ಪುಟವೊಂದು ಬಂತು. ಅಲ್ಲೂ ಶೇರ್ ನಿಲ್ಲಿಸಿ, ಪಾಸ್‌ವರ್ಡ್ ಹಾಕಿ, ಮತ್ತೆ ಶುರು ಮಾಡಿದರು. ಪಾಸ್‌ವರ್ಡ್ ಚುಕ್ಕಿಗಳಾಗಿ ಕಾಣುತ್ತದೆ ನಿಜ. ಆದರೆ ಹಲವು ಫೋನ್‌ಗಳಲ್ಲಿ ಒತ್ತಿದ ಅಕ್ಷರ ಚುಕ್ಕಿಯಾಗುವ ಮೊದಲು ಒಂದು ಕ್ಷಣ ಮಿನುಗುತ್ತದೆ. ಕೀಬೋರ್ಡ್ ಮೇಲೆ ಒತ್ತಿದ ಕೀ ದೊಡ್ಡದಾಗಿ ಎದ್ದು ಕಾಣುವುದೂ ಉಂಟು. ಗೆಳತಿ ನೋಡದೇ ಇರಬಹುದು. ಆ ಕಾಲ್ ಅನ್ನು ಗೆಳತಿಯ ಫೋನ್ ರೆಕಾರ್ಡ್ ಮಾಡುತ್ತಿದೆಯೋ, ಅವಳ ಪಕ್ಕದಲ್ಲಿ ಯಾರು ಕೂತಿದ್ದಾರೋ ನಮಗೆ ಗೊತ್ತಾಗುವುದಿಲ್ಲ.

ನೋಡುವುದೇ ಬೇರೆ, ನಡೆಸುವುದೇ ಬೇರೆ

'ಇದೆಲ್ಲ ಯಾಕೆ, ಒಂದು ಆ್ಯಪ್ ಹಾಕ್ಕೋ, ನಾನೇ ಇಲ್ಲಿಂದ ಸರಿ ಮಾಡ್ತೀನಿ' ಅಂತ ಹೇಳುವವರೂ ಇದ್ದಾರೆ. ಎನಿಡೆಸ್ಕ್, ಟೀಮ್‌ವ್ಯೂವರ್ ಅಂಥ ಆ್ಯಪ್‌ಗಳು ಆಫೀಸುಗಳಲ್ಲಿ ದಿನವೂ ಬಳಕೆಯಾಗುವ ಸಾಚಾ ಉಪಕರಣಗಳು. ತೊಂದರೆ ಆ್ಯಪ್‌ನಲ್ಲಿ ಇಲ್ಲ, ಅವು ಕೇಳುವ ಅನುಮತಿಯಲ್ಲಿದೆ.

ಆಂಡ್ರಾಯ್ಡ್‌ನಲ್ಲಿ ಪರದೆ ತೋರಿಸಲು ಒಂದು ಅನುಮತಿ ಬೇಕು. ಅದು ಆ ಹೊತ್ತಿಗೆ ಮಾತ್ರ. ಶೇರ್ ನಿಲ್ಲಿಸಿದರೆ ಮುಗಿಯಿತು. ದೂರದಿಂದ ಒತ್ತುವುದು, ಟೈಪ್ ಮಾಡುವುದು ಇವಕ್ಕೆ ಸಾಮಾನ್ಯವಾಗಿ ಬೇಕಾಗುವುದು ಅಕ್ಸೆಸಿಬಿಲಿಟಿ ಅನುಮತಿ. ಕಣ್ಣು ಕಾಣದವರಿಗೆ ಪರದೆ ಓದಿ ಹೇಳಲು, ಕೈ ಆಡದವರ ಪರವಾಗಿ ಒತ್ತಲು ಇರುವ ಅನುಮತಿ ಅದು. ಓದಿ ಹೇಳಬೇಕು ಅಂದಮೇಲೆ ಪರದೆಯ ಮೇಲಿರುವ ಪದಗಳು ಅದಕ್ಕೆ ಸಿಗಲೇಬೇಕು. ಅದು ಚಿತ್ರ ನೋಡುವುದಿಲ್ಲ, ನೇರವಾಗಿ ಅಕ್ಷರ ಓದುತ್ತದೆ. ಆದ್ದರಿಂದ ಬ್ಯಾಂಕ್ ಆ್ಯಪ್ ಕಪ್ಪಾಗುವ ಆ ಗುರುತು ಈ ಅನುಮತಿ ಇರುವ ಆ್ಯಪ್‌ನ ಮುಂದೆ ನೆಚ್ಚಲು ಬರುವುದಿಲ್ಲ. ಆಮೇಲೆ, ಈ ಅನುಮತಿ ಕಾಲ್ ಮುಗಿದರೂ ಮುಗಿಯುವುದಿಲ್ಲ. ನೀವೇ ಹೋಗಿ ತೆಗೆಯುವವರೆಗೆ ಇರುತ್ತದೆ.

ಗೂಗಲ್ ಕೂಡ ಇದನ್ನು ಗಂಭೀರವಾಗಿ ತೆಗೆದುಕೊಂಡಿದೆ. ಸಂಪರ್ಕ ಪಟ್ಟಿಯಲ್ಲಿ ಇಲ್ಲದ ನಂಬರಿನ ಜೊತೆ ಕಾಲ್‌ನಲ್ಲಿರುವಾಗ ಅಕ್ಸೆಸಿಬಿಲಿಟಿ ಅನುಮತಿ ಕೊಡಲು ಹೋದರೆ ಆಂಡ್ರಾಯ್ಡ್ 16 ತಡೆಯುತ್ತದೆ ಅಂತ 2025ರಲ್ಲಿ ಪ್ರಕಟಿಸಿತು. ಆದರೆ ಇದರ ಮಿತಿಯೂ ಆ ಮಾತಿನಲ್ಲೇ ಇದೆ. ಗೆಳತಿಯ ನಂಬರ್ ಸಂಪರ್ಕ ಪಟ್ಟಿಯಲ್ಲಿ ಇರುತ್ತದೆ. ಅಲ್ಲಿ ಫೋನ್ ಸುಮ್ಮನಿರುತ್ತದೆ.

ಹಾಗಾಗಿ ನೋಡಿ ಹೇಳುವ ಕೆಲಸಕ್ಕೆ ಅಕ್ಸೆಸಿಬಿಲಿಟಿ ಅನುಮತಿ ಯಾರು ಕೇಳಿದರೂ ಕೊಡಬೇಡಿ. ಹಿಂದೆ ಯಾವಾಗಲೋ ಕೊಟ್ಟಿದ್ದರೆ Settings ಒಳಗಿನ Accessibility ಪುಟದಲ್ಲಿ, ಡೌನ್‌ಲೋಡ್ ಮಾಡಿದ ಆ್ಯಪ್‌ಗಳ ಪಟ್ಟಿಯಲ್ಲಿ ಕಾಣುತ್ತದೆ. ಅಲ್ಲೇ ಆಫ್ ಮಾಡಬಹುದು. ಅದೇ ಹೊತ್ತಿಗೆ ನೋಟಿಫಿಕೇಶನ್ ಓದುವ ಅನುಮತಿ ಯಾವ ಆ್ಯಪ್‌ಗಳಿಗೆ ಇದೆ ಅಂತಲೂ ನೋಡಿ. Settings ಮೇಲಿನ ಹುಡುಕುವ ಜಾಗದಲ್ಲಿ notification access ಅಂತ ಟೈಪ್ ಮಾಡಿದರೆ ಆ ಪುಟ ಸಿಗುತ್ತದೆ. ಆ ಅನುಮತಿ ಇರುವ ಆ್ಯಪ್‌ಗೆ ಓಟಿಪಿ ಓದಲು ಸ್ಕ್ರೀನ್ ಶೇರ್ ಬೇಕಾಗಿಯೇ ಇಲ್ಲ.

ಕೇಳದೆಯೇ ಓಟಿಪಿ ಬಂದರೆ

ಓಟಿಪಿ ತಾನಾಗಿ ಬರುವುದಿಲ್ಲ. ಎಲ್ಲೋ ಯಾರೋ ನಿಮ್ಮ ನಂಬರ್ ಹಾಕಿ ಒತ್ತಿದರೆ ಮಾತ್ರ ಬರುತ್ತದೆ. ಇದೇ ಕಾರಣಕ್ಕೆ ಪರದೆ ಕಾಣುತ್ತಿರುವ ಕಳ್ಳನಿಗೆ ನೀವು ಬ್ಯಾಂಕ್ ಆ್ಯಪ್ ತೆರೆಯಬೇಕಾದ್ದೇ ಇಲ್ಲ. ವಾಟ್ಸಾಪ್ ಖಾತೆಯನ್ನೇ ತೆಗೆದುಕೊಳ್ಳಿ. ಅವನು ತನ್ನ ಫೋನ್‌ನಲ್ಲಿ ವಾಟ್ಸಾಪ್ ಹಾಕಿ ನಿಮ್ಮ ನಂಬರ್ ಕೊಡುತ್ತಾನೆ. ಆರು ಅಂಕಿಯ ಕೋಡ್ ನಿಮ್ಮ ಫೋನಿಗೆ ಬರುತ್ತದೆ. ಪರದೆಯಲ್ಲಿ ಇಣುಕುತ್ತದೆ, ಅವನು ಓದಿ ಹಾಕಿಕೊಳ್ಳುತ್ತಾನೆ. ನೀವು 'ಏನೋ ಮೆಸೇಜ್ ಬಂತು' ಅಂತ ಬದಿಗೆ ಸರಿಸುವಷ್ಟರಲ್ಲಿ ಖಾತೆ ಕೈಬಿಟ್ಟಿರುತ್ತದೆ. ವಾಟ್ಸಾಪ್‌ನಲ್ಲಿ Two-step verification ಹಾಕಿದ್ದರೆ, ಕೋಡ್ ಓದಿದರೂ ನೀವು ಇಟ್ಟ ಆರು ಅಂಕಿಯ ಪಿನ್ ಬೇಕಾಗುತ್ತದೆ. ಅದು ಎಸ್ಎಂಎಸ್‌ನಲ್ಲಿ ಬರುವುದಿಲ್ಲ. ಆ ಪಿನ್ ಇಟ್ಟುಕೊಳ್ಳಲು ಇದಕ್ಕಿಂತ ಒಳ್ಳೆಯ ಕಾರಣ ಬೇಕಾ?

ಶೇರ್ ನಡೆಯುತ್ತಿರುವಾಗ ನೀವು ಕೇಳದ ಓಟಿಪಿ ಬಂದರೆ, ಮೊದಲು ಶೇರ್ ನಿಲ್ಲಿಸಿ. ಸೌಜನ್ಯಕ್ಕೆ ಕಾಯಬೇಡಿ, ಗೆಳತಿ ಬೇಜಾರು ಮಾಡಿಕೊಳ್ಳುವುದಿಲ್ಲ. ಮೆಸೇಜ್ ಯಾವ ಸಂಸ್ಥೆಯದು ಅಂತ ಓದಿ. ಬ್ಯಾಂಕಿನದ್ದಾದರೆ ಕಾರ್ಡ್‌ನ ಹಿಂಭಾಗದಲ್ಲಿ ಅಚ್ಚಾದ ನಂಬರಿಗೆ ನೀವೇ ಕಾಲ್ ಮಾಡಿ, ಯಾವ ವ್ಯವಹಾರಕ್ಕೆ ಬಂತು ಅಂತ ಕೇಳಿ. ಆ ಖಾತೆಯ ಪಾಸ್‌ವರ್ಡ್ ಬದಲಿಸಿ. ಓಟಿಪಿಗೆ ಕೆಲವೇ ನಿಮಿಷ ಆಯುಷ್ಯ. ಆದರೆ ಅದನ್ನು ಕೇಳಿದವರ ಬಳಿ ನಿಮ್ಮ ಪಾಸ್‌ವರ್ಡ್ ಮೊದಲೇ ಇದ್ದಿರಬಹುದು.

ಏರೋಪ್ಲೇನ್ ಮೋಡ್ ದಾರಿಯಲ್ಲಿ ಈ ತಪಾಸಣೆ ಕೊನೆಗೆ ಬರುತ್ತದೆ. ಚಿಕ್ಕಮ್ಮ ಶೇರ್ ನಿಲ್ಲಿಸಿದರು, ಕಾಲ್ ಕಟ್ ಮಾಡಿದರು, ಪರದೆಯ ಮೇಲ್ಭಾಗದಲ್ಲಿ ಶೇರ್ ನಡೆಯುತ್ತಿದೆ ಅನ್ನುವ ಗುರುತು ಹೋಗಿದೆಯಾ ಅಂತ ನೋಡಿದರು. ಆಮೇಲೆಯೇ ಏರೋಪ್ಲೇನ್ ಮೋಡ್ ತೆಗೆದದ್ದು. ಈ ಕ್ರಮ ಉಲ್ಟಾ ಆದರೆ ಇಷ್ಟು ಮಾಡಿದ್ದೆಲ್ಲ ವ್ಯರ್ಥ. ಕಾಯುತ್ತಿದ್ದ ಮೆಸೇಜ್‌ಗಳೆಲ್ಲ ಒಟ್ಟಿಗೆ ಬಂದು ಬೀಳುವುದು ಆಗಲೇ. ಅವರಿಗೆ ಬಂದದ್ದು ಎರಡು, ಎರಡೂ ಜಾಹೀರಾತು. ವೈಫೈ ಕಾಲಿಂಗ್ ಮತ್ತೆ ಆನ್ ಮಾಡಿಕೊಂಡರು.

ಕೊನೆಯಲ್ಲೊಂದು ಮಾತು. ಇಂಥ ಸಮಸ್ಯೆಗಳಲ್ಲಿ ಅರ್ಧಕ್ಕೂ ಜಾಸ್ತಿ ಸ್ಕ್ರೀನ್ ಶೇರ್ ಇಲ್ಲದೇ ಬಗೆಹರಿಯುತ್ತವೆ ಅನ್ನುವುದು ನನ್ನ ಅನಿಸಿಕೆ. Storage ಪುಟದ ಒಂದು ಸ್ಕ್ರೀನ್‌ಶಾಟ್ ಕಳಿಸಿದ್ದರೂ ಗೆಳತಿ ಅದೇ ಉತ್ತರ ಹೇಳುತ್ತಿದ್ದರು. ಒತ್ತಿದಾಗ ಏನಾಗುತ್ತದೆ ಅಂತ ತೋರಿಸಲೇಬೇಕಿದ್ದರೆ, ಫೋನ್‌ನಲ್ಲೇ ಇರುವ ಸ್ಕ್ರೀನ್ ರೆಕಾರ್ಡರ್‌ನಿಂದ ಅರ್ಧ ನಿಮಿಷದ ವಿಡಿಯೋ ಮಾಡಿ. ಕಳಿಸುವ ಮೊದಲು ಒಮ್ಮೆ ನೀವೇ ನೋಡಿ. ನಡುವೆ ಏನಾದರೂ ಇಣುಕಿದ್ದರೆ ಅಳಿಸಿ, ಇನ್ನೊಮ್ಮೆ ಮಾಡಿ.